ಪುಸ್ತಕ ಕಪಾಟಿನಲ್ಲಿದೆ, ಕಂಪ್ಯೂಟರ್ ಇಲ್ಲ ಅನ್ನುತ್ತದೆ

ನಮ್ಮೂರಿನ ಗ್ರಂಥಾಲಯದಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಕಂಪ್ಯೂಟರಿನ ಮುಂದೆ ಕೂತು ‘ಕಾರಂತರ ಮೂಕಜ್ಜಿ ಕನಸುಗಳು ಕಾದಂಬರಿ’ ಎಂದು ಟೈಪ್ ಮಾಡಿದರು. ಪರದೆಯ ಮೇಲೆ ‘ಯಾವುದೇ ಫಲಿತಾಂಶ ಇಲ್ಲ’ ಎಂದು ಬಂತು. “ಏನಮ್ಮಾ, ಮೂಕಜ್ಜಿಯೂ ಇಲ್ವಾ ನಿಮ್ಮಲ್ಲಿ?” ಎಂದು ಬೇಸರದಿಂದ ಕೇಳಿದರು. ಕೌಂಟರಿನ ಹುಡುಗಿ ಎದ್ದು ಹೋಗಿ, “ಇದೆ ಸರ್, ನಿನ್ನೆ ತಾನೆ ವಾಪಸ್ ಬಂತು” ಎಂದು ಪುಸ್ತಕ ತಂದು ಕೈಗಿಟ್ಟಳು. 1968ರಲ್ಲಿ ಬಂದ, ಕಾರಂತರಿಗೆ 1977ರ ಜ್ಞಾನಪೀಠ ತಂದ ಕಾದಂಬರಿ. ಅದು ಇಲ್ಲ ಎಂದು ಯಂತ್ರ ಯಾಕೆ ಹೇಳಿತು?

ಪಟ್ಟಿಯಲ್ಲಿ ಆ ಪುಸ್ತಕ ಹೀಗೆ ದಾಖಲಾಗಿದೆ: ಹೆಸರು ‘ಮೂಕಜ್ಜಿಯ ಕನಸುಗಳು’, ಲೇಖಕ ‘ಶಿವರಾಮ ಕಾರಂತ’, ವಿಷಯ ‘ಕನ್ನಡ ಕಾದಂಬರಿಗಳು’. ಕೊಟ್ಟ ಪದಗಳೆಲ್ಲವೂ ದಾಖಲೆಯಲ್ಲಿ ಇದ್ದಹಾಗೇ ಇರಬೇಕು ಎನ್ನುವುದು ಅಲ್ಲಿನ ತಂತ್ರಾಂಶದ ನಿಯಮ. ಅದಕ್ಕೆ ‘ಕಾರಂತರ’ ಬೇರೆ, ‘ಕಾರಂತ’ ಬೇರೆ. ಮೇಷ್ಟ್ರ ನಾಲ್ಕು ಪದಗಳಲ್ಲಿ ಹೊಂದಿದ್ದು ‘ಕನಸುಗಳು’ ಒಂದೇ.

ಇಂಥ ಕಡೆ ಒಂದು ಪದ ಬಿಟ್ಟು ಮತ್ತೆ ಹುಡುಕುವುದು ಅನೇಕರು ಮೊದಲು ಮಾಡುವ ಉಪಾಯ. ಇಲ್ಲಿ ಅದು ಕೆಲಸ ಮಾಡುವುದಿಲ್ಲ. ಯಾವ ಒಂದು ಪದ ಬಿಟ್ಟರೂ ಹೊಂದದ ಪದ ಇನ್ನೆರಡಾದರೂ ಉಳಿದೇ ಇರುತ್ತದೆ. ಕನ್ನಡದಲ್ಲಿ ಮೊದಲು ಆಗಬೇಕಾದದ್ದು ಪದದ ರೂಪ ಸರಿಮಾಡುವ ಕೆಲಸ: ವಿಭಕ್ತಿ ಪ್ರತ್ಯಯವನ್ನೂ ‘ಗಳು’ವನ್ನೂ ಎರಡೂ ಕಡೆ ಕಳಚಿ ಹೋಲಿಸಬೇಕು. ಆಗ ನಾಲ್ಕಕ್ಕೆ ನಾಲ್ಕೂ ಹೊಂದುತ್ತವೆ, ಏನನ್ನೂ ಬಿಡಬೇಕಾಗಿಲ್ಲ. ಇದೇ ಹಂತದಲ್ಲಿ ತೊಡೆಯಬೇಕಾದ ಇನ್ನೊಂದು ತೊಡಕಿದೆ. ಅನುಸ್ವಾರದ ಜಾಗದಲ್ಲಿ ಅಂಕಿಯ ಸೊನ್ನೆ ಒತ್ತಿ ‘ಕಾರ೦ತ’ ಎಂದು ಬರೆಯುವವರು ಬಹಳ ಮಂದಿ. ಕಣ್ಣಿಗೆ ವ್ಯತ್ಯಾಸ ಕಾಣದು, ಯಂತ್ರಕ್ಕೆ ಮಾತ್ರ ಅದು ಬೇರೆಯೇ ಅಕ್ಷರ.

ಆಮೇಲಿನದು ಕಾಗುಣಿತ. ಮೇಷ್ಟ್ರು ‘ಮೂಗಜ್ಜಿ’ ಎಂದು ಬರೆದಿದ್ದರೆ ಒಂದೇ ಅಕ್ಷರದ ಅಂತರ. ಆ ಪದ ಪಟ್ಟಿಯಲ್ಲಿ ಎಲ್ಲೂ ಇಲ್ಲದ್ದರಿಂದ ಹತ್ತಿರದ ಪದವನ್ನು ಸೂಚಿಸಬಹುದು. ಆದರೆ ಇಲ್ಲಿ ಎಚ್ಚರ ಬೇಕು. ಎಲಾಸ್ಟಿಕ್‌ಸರ್ಚ್ ಎಂಬ ಹೆಸರಾಂತ ತಂತ್ರಾಂಶದಲ್ಲಿ, ಎಷ್ಟು ತಪ್ಪು ಮನ್ನಿಸಬೇಕೆಂದು ಅದಕ್ಕೇ ಬಿಟ್ಟರೆ, 3ರಿಂದ 5 ಅಕ್ಷರದ ಪದಕ್ಕೆ ಒಂದು ತಪ್ಪು, ಅದಕ್ಕಿಂತ ಉದ್ದದ್ದಕ್ಕೆ ಎರಡು ಮಾಫಿ. ಇಂಗ್ಲಿಷಿಗೆ ಅದು ಒಗ್ಗುತ್ತದೆ. ಕನ್ನಡದಲ್ಲಿ ಗುಣಿತದ ಚಿಹ್ನೆಗಳನ್ನೂ ಯಂತ್ರ ಬಿಡಿಯಾಗಿ ಎಣಿಸುವುದರಿಂದ ‘ಹಾಲು’ ಎಂಬ ಪುಟ್ಟ ಪದವೂ ನಾಲ್ಕಾಗುತ್ತದೆ. ‘ಹಾಳು’ ಅದಕ್ಕೆ ಒಂದೇ ಹೆಜ್ಜೆ ದೂರ. ಹೈನುಗಾರಿಕೆಯ ಪುಸ್ತಕ ಕೇಳಿದವರಿಗೆ ಹಾಳು ಹಂಪೆಯ ಪುಸ್ತಕ ಬಂದೀತು. ಪಟ್ಟಿಯಲ್ಲಿ ಈಗಾಗಲೇ ಇರುವ ಪದವನ್ನು ತಿದ್ದಲು ಹೋಗಬಾರದು; ತಿದ್ದಿದರೆ, ತಿದ್ದಿದ್ದೇವೆಂದು ಓದುಗನಿಗೆ ಹೇಳಲೇಬೇಕು.

ಇಷ್ಟಾದರೂ ಸೊನ್ನೆಯೇ ಬಂದರೆ ಪದ ಬಿಡುವ ಮಾತು. ಯಾವುದನ್ನು ಬಿಡಬೇಕು? 1972ರಲ್ಲಿ ಬ್ರಿಟನ್ನಿನ ಕರೆನ್ ಸ್ಪಾರ್ಕ್ ಜೋನ್ಸ್ ಒಂದು ಸರಳ ವಿಚಾರ ಮುಂದಿಟ್ಟರು: ಕೆಲವೇ ದಾಖಲೆಗಳಲ್ಲಿ ಬರುವ ಪದಕ್ಕೆ ಬೆಲೆ ಹೆಚ್ಚು, ಎಲ್ಲೆಡೆ ಬರುವ ಪದಕ್ಕೆ ಕಡಿಮೆ. ‘ಕಾದಂಬರಿ’ಯನ್ನು ಬಿಟ್ಟರೆ ನಷ್ಟವಿಲ್ಲ. ‘ಮೂಕಜ್ಜಿ’, ‘ಕನಸುಗಳು’ ಎರಡನ್ನೂ ಬಿಟ್ಟರೆ ಕಾರಂತರ ಕಾದಂಬರಿಗಳೆಲ್ಲ ಸಾಲುಗಟ್ಟುತ್ತವೆ, ಕೇಳಿದ ಒಂದನ್ನು ಮತ್ತೆ ನಾವೇ ಹೆಕ್ಕಬೇಕು.

ಕೆಲವೊಮ್ಮೆ ಯಂತ್ರ ತಾನೇ ನಿರ್ಧರಿಸದೆ ಕೇಳುವುದೇ ಸರಿ. ‘ಮೂಕಜ್ಜಿಯ ಕನಸುಗಳು ಇಂಗ್ಲಿಷ್ ಅನುವಾದ’ ಎಂದು ಯಾರೋ ಹುಡುಕಿದರೆನ್ನಿ. ಅನುವಾದ ಆ ಗ್ರಂಥಾಲಯದಲ್ಲಿಲ್ಲ. ‘ಇಂಗ್ಲಿಷ್’, ‘ಅನುವಾದ’ ಎರಡೂ ಸಾಮಾನ್ಯ ಪದಗಳೆಂದು ಸದ್ದಿಲ್ಲದೆ ಬಿಟ್ಟು ಕನ್ನಡ ಪುಸ್ತಕ ತೋರಿಸಿದರೆ, ಕನ್ನಡ ಓದಲು ಬಾರದ ಸೊಸೆಗಾಗಿ ಹುಡುಕುತ್ತಿದ್ದವರಿಗೆ ಏನು ಪ್ರಯೋಜನ? ‘ಈ ಕಾದಂಬರಿಯ ಇಂಗ್ಲಿಷ್ ಅನುವಾದ ನಮ್ಮಲ್ಲಿಲ್ಲ. ಕನ್ನಡ ಮೂಲ ಬೇಕೇ? ಕಾರಂತರ ಬೇರೆ ಕೃತಿಗಳ ಇಂಗ್ಲಿಷ್ ಅನುವಾದ ನೋಡುತ್ತೀರಾ?’ ಎಂದು ಒಂದೇ ಪ್ರಶ್ನೆ, ಎರಡೇ ಆಯ್ಕೆ ಸಾಕು. ಇಲ್ಲದ್ದನ್ನು ಇಲ್ಲ ಎಂದು ಮೊದಲು ಹೇಳುವುದು ನನಗೆ ಎಲ್ಲಕ್ಕಿಂತ ಮುಖ್ಯ. ಪುಸ್ತಕದ ಐಎಸ್‌ಬಿಎನ್ ಸಂಖ್ಯೆ ಹಾಕಿ ಹುಡುಕಿದಾಗಲಂತೂ ಸಡಿಲಿಕೆ ಕೂಡದು. ಹತ್ತಿರದ ಸಂಖ್ಯೆ ಎಂದರೆ ಬೇರೆ ಪುಸ್ತಕ.

ಸೊನ್ನೆ ಬಂದ ಹುಡುಕಾಟಗಳನ್ನೆಲ್ಲ ಒಂದು ಕಡತದಲ್ಲಿ ಉಳಿಸಿ ವಾರಕ್ಕೊಮ್ಮೆ ನೋಡಿ ಎಂದು ಗ್ರಂಥಾಲಯ ನಡೆಸುವವರಲ್ಲಿ ನನ್ನ ಕೋರಿಕೆ. ಯಾವ ಪ್ರತ್ಯಯ ಕಳಚಬೇಕು, ಯಾವ ಪುಸ್ತಕ ತರಿಸಬೇಕು ಎರಡೂ ಅಲ್ಲೇ ಗೊತ್ತಾಗುತ್ತವೆ. ಅಲ್ಲಿಯವರೆಗೆ ಓದುಗರು ಕಡಿಮೆ ಪದ ಹಾಕಿ, ಪ್ರತ್ಯಯ ಬಿಟ್ಟು ಹುಡುಕುವುದು ಲೇಸು. ಮೇಷ್ಟ್ರು ಅಂದು ‘ಕಾರಂತ ಕನಸುಗಳು’ ಎಂದಷ್ಟೇ ಹಾಕಿದ್ದರೆ ಪುಸ್ತಕ ಮೊದಲ ಸಲಕ್ಕೇ ಸಿಗುತ್ತಿತ್ತು.