ನಿರಾಕರಣೆಯೋ, ನಿರುತ್ತರವೋ?

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ, ವಿಶಾಲವಾದ ಕೆರೆಯನ್ನೂ ಚಂದ್ರಮೌಳೇಶ್ವರನ ಪ್ರಾಚೀನ ದೇಗುಲವನ್ನೂ ಇರಿಸಿಕೊಂಡಿರುವ ಉಣಕಲ್ಲಿನಲ್ಲಿ, ಈಗ ತರಕಾರಿಯ ಬುಟ್ಟಿಯಿಂದ ಮೊದಲ್ಗೊಂಡು ಸಿಮೆಂಟಿನ ಅಂಗಡಿಯವರೆಗೆ ಯುಪಿಐ ಸ್ಕ್ಯಾನರ್ ಇಲ್ಲದ ಸ್ಥಳವೇ ವಿರಳ. ಕೆಲವು ತಿಂಗಳ ಹಿಂದೆ ಅಲ್ಲಿಯ ಒಂದು ಬಣ್ಣದ ಅಂಗಡಿಯಲ್ಲಿ ನನ್ನ ಮುಂದೆ ನಿಂತಿದ್ದ ಗೃಹಸ್ಥರೊಬ್ಬರು 6,400 ರೂಪಾಯಿಯ ಬಿಲ್ಲನ್ನು ಸಲ್ಲಿಸಲೆಂದು ಮೂರು ಬಾರಿ ಯತ್ನಿಸಿದರು. ಮೂರು ಬಾರಿಯೂ ಕೆಂಪು ಗುರುತೇ ಕಾಣಿಸಿಕೊಂಡಿತು. "ಸರ್ವರ್ ಡೌನ್ ಐತಿ ಕಾಣತೈತ್ರಿ ಯಜಮಾನ್ರ, ಸ್ವಲ್ಪ ತಡೀರಿ," ಎಂದು ಅಂಗಡಿಯವನು ಸಮಾಧಾನ ಹೇಳುತ್ತಿರುವಾಗಲೇ, ಪಕ್ಕದಲ್ಲಿದ್ದ ಹುಡುಗನೊಬ್ಬನು ಒಂದು ಬ್ರಶ್ಶಿಗೆ 40 ರೂಪಾಯಿ ಕಳುಹಿಸಿದ್ದನ್ನು ಮೇಜಿನ ಮೇಲಿನ ಪೆಟ್ಟಿಗೆಯು ಗಟ್ಟಿಯಾಗಿ ಸಾರಿತು. ಸರ್ವರ್ ಬಿದ್ದಿದ್ದರೆ ಆ 40 ರೂಪಾಯಿ ಬಂದುದಾದರೂ ಹೇಗೆ?

ಇದನ್ನು ತಿಳಿಯಬೇಕಾದರೆ ಹಣವು ಸಾಗುವ ಹಾದಿಯನ್ನು ಸ್ಥೂಲವಾಗಿ ಅರಿಯಬೇಕು. ನಾವು ಪಿನ್ ಒತ್ತಿದೊಡನೆ ನಮ್ಮ ಆ್ಯಪ್ ಒಂದು ವಿಜ್ಞಾಪನೆಯನ್ನು ತನ್ನ ಬೆನ್ನಿಗಿರುವ ಬ್ಯಾಂಕಿನ ಮೂಲಕ ರಾಷ್ಟ್ರೀಯ ಪಾವತಿ ನಿಗಮದ ಕೇಂದ್ರಕ್ಕೆ ಕಳುಹಿಸುತ್ತದೆ. ಕೇಂದ್ರವು ನಮ್ಮ ಖಾತೆಯಿರುವ ಬ್ಯಾಂಕನ್ನು ಕುರಿತು "ಇಷ್ಟು ಹಣವನ್ನು ಕಳೆಯಿರಿ" ಎನ್ನುತ್ತದೆ. ಕಳೆದೆವೆಂಬ ಉತ್ತರ ಬಂದ ತರುವಾಯವೇ ಅಂಗಡಿಯವನ ಬ್ಯಾಂಕನ್ನು ಕುರಿತು "ಇಷ್ಟು ಹಣವನ್ನು ಕೂಡಿಸಿರಿ" ಎನ್ನುತ್ತದೆ. ಮೊದಲು ಕಳೆಯುವುದು, ಆಮೇಲೆ ಕೂಡಿಸುವುದು: ಈ ಅನುಕ್ರಮವೇ ನಮ್ಮ ಪ್ರಶ್ನೆಯನ್ನು ಬಿಡಿಸುವ ಕೀಲಿಕೈ.

ಪಾವತಿ ತಡೆಯುವುದಕ್ಕೆ ಯಂತ್ರದ ಲೋಪವಲ್ಲದೆ ಮಿತಿಯೂ ಕಾರಣವಾಗಬಹುದು; ಆ ಮಿತಿಯ ಪರೀಕ್ಷೆ ನಡೆಯುವುದು ಕಳೆಯುವುದಕ್ಕೆ ಮುನ್ನ. ಸಾಮಾನ್ಯ ವ್ಯವಹಾರಕ್ಕೆ ದಿನವೊಂದಕ್ಕೆ 1 ಲಕ್ಷ ರೂಪಾಯಿ ಎಂಬುದು ನಿಗಮವು ಹಾಕಿರುವ ಮೇಲೆಲ್ಲೆ. ಆಸ್ಪತ್ರೆ, ವಿದ್ಯಾಸಂಸ್ಥೆ, ತೆರಿಗೆ ಮೊದಲಾದ ಕೆಲವು ಪಾವತಿಗಳಿಗೆ ಮಾತ್ರ ಅದು ಹೆಚ್ಚು. ವ್ಯಕ್ತಿಯಿಂದ ವ್ಯಕ್ತಿಗೆ ಕಳುಹಿಸುವ ಸಂಖ್ಯೆಗೂ ದಿನಕ್ಕೆ 20 ಎಂಬ ಕಟ್ಟುಪಾಡುಂಟು. ಇದರ ಒಳಗೆ ನಮ್ಮ ಬ್ಯಾಂಕು ತನ್ನದೇ ಆದ ಚಿಕ್ಕ ಮಿತಿಯನ್ನು ಹಾಕಬಹುದು, ಆ್ಯಪ್ ಇನ್ನೂ ಚಿಕ್ಕದನ್ನು ಹಾಕಬಹುದು; ಇವುಗಳಲ್ಲಿ ಯಾವುದು ಅತ್ಯಂತ ಕಿರಿದೋ ಅದೇ ನಮ್ಮನ್ನು ಆಳುತ್ತದೆ. ಈ ಎಲ್ಲೆ ಮೀರಿದಾಗ ವ್ಯವಸ್ಥೆಯು ಕೆಟ್ಟಿರುವುದಿಲ್ಲ. ಅದು ಸುಸ್ಥಿತಿಯಲ್ಲಿದ್ದು, ಲೆಕ್ಕವನ್ನು ನೋಡಿ, "ಆಗದು" ಎಂದು ಸ್ಪಷ್ಟವಾಗಿ ಹೇಳಿರುತ್ತದೆ. ಆದುದರಿಂದಲೇ ಆ ಉತ್ತರವು ಕ್ಷಣಾರ್ಧದಲ್ಲಿ ಬರುತ್ತದೆ, ಖಾತೆಯಿಂದ ಒಂದು ಪೈಸೆಯೂ ಹೋಗಿರುವುದಿಲ್ಲ, ಮತ್ತೆ ಮತ್ತೆ ಒತ್ತಿದರೂ ಅದೇ ಉತ್ತರವೇ ಮರಳುತ್ತದೆ.

ಯಾಂತ್ರಿಕ ವೈಫಲ್ಯದ ಸ್ವಭಾವವೇ ಬೇರೆ. ಅಲ್ಲಿ ಯಾರೂ ಬೇಡವೆಂದಿರುವುದಿಲ್ಲ. ಕೇಳಿದ ಪ್ರಶ್ನೆಗೆ ಯಾವುದೋ ಒಂದು ಕಡೆಯಿಂದ ಉತ್ತರ ಬಾರದೆ ಹೋಗಿರುತ್ತದೆ. ಕೇಂದ್ರವು ಕೆಲವು ಸೆಕೆಂಡುಗಳ ಕಾಲ ಕಾಯುತ್ತದೆ, ಬಾರದಿದ್ದರೆ ಕೈಬಿಡುತ್ತದೆ. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುವುದೂ, "ಪ್ರಕ್ರಿಯೆಯಲ್ಲಿದೆ" ಎಂಬ ಮಾತು ನಿಂತುಬಿಡುವುದೂ ಈ ಕಾರಣದಿಂದಲೇ. ಉತ್ತರ ತಪ್ಪಿದ್ದು ಹಣ ಕಳೆಯುವ ಮೊದಲೇ ಆದರೆ ಚಿಂತೆಯಿಲ್ಲ. ನಮ್ಮ ಬ್ಯಾಂಕು ಹಣವನ್ನು ಕಳೆದ ಮೇಲೆ ಅಂಗಡಿಯವನ ಬ್ಯಾಂಕು ಮೌನ ವಹಿಸಿದರೆ, ಇತ್ತ ಖಾತೆಯಿಂದ ಹೋಗಿ ಅತ್ತ ಸೇರದ ತ್ರಿಶಂಕುಸ್ಥಿತಿ ಹಣಕ್ಕೆ ಒದಗುತ್ತದೆ. ಮಿತಿಯ ನಿರಾಕರಣೆಯಲ್ಲಿ ಹೀಗಾಗುವ ಸಂಭವವೇ ಇಲ್ಲ.

ಪಾವತಿ ನಿಗಮವೂ ವಿಫಲ ವ್ಯವಹಾರಗಳನ್ನು ಎರಡು ರಾಶಿಯಾಗಿ ವಿಂಗಡಿಸಿ, ಬ್ಯಾಂಕುವಾರು ಪ್ರಮಾಣವನ್ನು ತಿಂಗಳು ತಿಂಗಳೂ ಪ್ರಕಟಿಸುತ್ತದೆ. ತಪ್ಪು ಪಿನ್, ಸಾಕಾಗದ ಶಿಲ್ಕು, ಮೀರಿದ ಮಿತಿ ಇವು ಒಂದು ರಾಶಿ. ಬ್ಯಾಂಕಿನ ಅಥವಾ ಕೇಂದ್ರದ ಯಂತ್ರವ್ಯವಸ್ಥೆಯ ಲೋಪಗಳು ಇನ್ನೊಂದು. ಪರದೆಯ ಮೂಲೆಯಲ್ಲಿ ಅಥವಾ ವ್ಯವಹಾರದ ವಿವರದಲ್ಲಿ ಕೆಲವು ಸಲ ಸಂಕೇತವೊಂದು ಕಾಣುವುದುಂಟು: Z8 ಎಂದರೆ ಮೊತ್ತದ ಮಿತಿ, Z7 ಎಂದರೆ ಸಂಖ್ಯೆಯ ಮಿತಿ, U67 ಎಂದರೆ ಹಣ ಕಳೆಯುವ ಹಂತದಲ್ಲಿ ಕಾಲ ಮೀರಿತೆಂದೂ, U68 ಎಂದರೆ ಕೂಡಿಸುವ ಹಂತದಲ್ಲಿ ಮೀರಿತೆಂದೂ ಅರ್ಥ.

ಬಣ್ಣದ ಅಂಗಡಿಗೆ ಮರಳೋಣ. ವಿಚಾರಿಸಿದಾಗ ಆ ಗೃಹಸ್ಥರು ಹಿಂದಿನ ಸಂಜೆಯಷ್ಟೇ ಹೊಸ ಫೋನನ್ನು ಕೊಂಡು, ಅದರಲ್ಲಿ ಆ್ಯಪನ್ನು ನೋಂದಾಯಿಸಿದ್ದರೆಂದು ತಿಳಿಯಿತು. ಕದ್ದ ಸಿಮ್ಮಿನಿಂದ ಇತರರ ಖಾತೆಯನ್ನು ಬರಿದು ಮಾಡುವವರನ್ನು ತಡೆಯಲೆಂದು, ಹೊಸ ಸಾಧನದಲ್ಲಿ ನೋಂದಣಿಯಾದ ಮೊದಲ 24 ಗಂಟೆ ಸಾಮಾನ್ಯವಾಗಿ 5,000 ರೂಪಾಯಿಗಿಂತ ಹೆಚ್ಚು ಹೋಗಗೊಡುವುದಿಲ್ಲ. ಆ ಬೆಳಿಗ್ಗೆ ಅವರು ಬೇರೊಂದು ಕಡೆ 1,200 ರೂಪಾಯಿ ಕೊಟ್ಟಿದ್ದರು, ಉಳಿದದ್ದು 3,800. "ಅಷ್ಟ ಹಾಕಿ ನೋಡ್ರಲಾ," ಎಂದೆ. ಮೇಜಿನ ಪೆಟ್ಟಿಗೆ ಆ ಮೊತ್ತವನ್ನು ಒಡನೆಯೇ ಸಾರಿತು. ಮಿಕ್ಕ 2,600ನ್ನು ಅವರು ನಗದಾಗಿ ಕೊಟ್ಟು, "ಸುಮ್ಮನ ಸರ್ವರಿನ ಮ್ಯಾಲೆ ಸಿಟ್ಟು ಮಾಡಿದ್ವಿ," ಎಂದು ನಕ್ಕರು.

ಆ ದಿನ ನಾವು ಮಾಡಿದ್ದೇ ಎಲ್ಲೆಡೆಗೂ ಸಲ್ಲುವ ಪರೀಕ್ಷೆ. ಕಿರಿದಾದ ಮೊತ್ತವು ಹೋಗಿ ಹಿರಿದು ತಡೆದರೆ ಬಹುಶಃ ಮೊತ್ತದ ಮಿತಿಯೇ ಅಡ್ಡಬಂದಿದೆ. ಹತ್ತು ರೂಪಾಯಿಯೂ ಹೋಗದಿದ್ದರೆ ಎರಡು ಸಾಧ್ಯತೆಗಳು ಉಳಿಯುತ್ತವೆ: ಆ ದಿನದ ಲೆಕ್ಕ ಪೂರ್ತಿ ಮುಗಿದಿರಬೇಕು, ಇಲ್ಲವೇ ಯಂತ್ರ ಕೆಟ್ಟಿರಬೇಕು. ಆಗ ಬೇರೊಂದು ಬ್ಯಾಂಕಿನ ಖಾತೆಯಿಂದ ಯತ್ನಿಸಬೇಕು, ಇಲ್ಲವೇ ಪಕ್ಕದವರನ್ನು ಕೇಳಬೇಕು. 2025ರ ಏಪ್ರಿಲ್ 12ರ ಶನಿವಾರ ದೇಶದ ನಾನಾ ಕಡೆ ಯುಪಿಐ ತಡೆದು ನಿಂತಾಗ ಬೇರೆ ಬೇರೆ ಬ್ಯಾಂಕುಗಳ, ಬೇರೆ ಬೇರೆ ಆ್ಯಪುಗಳ ಬಳಕೆದಾರರು ಏಕಕಾಲದಲ್ಲಿ ಪರದಾಡಿದರು. ಮಿತಿಯಾದರೋ ಊರಿಗೆಲ್ಲ ಒಟ್ಟಿಗೆ ಮುಗಿಯುವ ವಸ್ತುವಲ್ಲ. ಇಷ್ಟಾದರೂ ಈ ಪರೀಕ್ಷೆಗೂ ಒಂದು ಕೊರತೆಯುಂಟು: ಬ್ಯಾಂಕು ಕೆಟ್ಟಿರುವುದು ಕೇಂದ್ರಕ್ಕೆ ಮೊದಲೇ ತಿಳಿದಿದ್ದರೆ ವೈಫಲ್ಯದ ಉತ್ತರವೂ ತಟ್ಟನೆ ಬರಬಹುದು. ಆದ್ದರಿಂದ ವೇಗವೊಂದನ್ನೇ ನಂಬದೆ ಪರದೆಯ ವಾಕ್ಯವನ್ನು ಓದುವುದು ಲೇಸು.

ಈ ಭೇದವನ್ನು ಅರಿಯುವುದರ ಪ್ರಯೋಜನವು ಮುಂದೇನು ಮಾಡಬೇಕೆಂಬುದರಲ್ಲಿದೆ. ಮಿತಿಯೆಂದು ಖಚಿತವಾದರೆ ಕಾಯಬೇಕು, ಅಥವಾ ಬೇರೆ ಖಾತೆಯನ್ನೋ ನಗದನ್ನೋ ಬಳಸಬೇಕು. ಮತ್ತೆ ಒತ್ತುವುದರಿಂದ ಹಾನಿಯಿಲ್ಲ, ಲಾಭವೂ ಇಲ್ಲ. ವೈಫಲ್ಯವಾದರೆ ಕೂಡಲೇ ಮತ್ತೆ ಒತ್ತಕೂಡದು. ಏಕೆಂದರೆ ಮೊದಲನೆಯದು ತಡವಾಗಿ ತಲುಪಿ, ಎರಡನೆಯದೂ ಸೇರಿ, ಒಂದೇ ಸಾಮಾನಿಗೆ ಎರಡು ಬೆಲೆ ತೆತ್ತಂತಾಗಬಹುದು. ಖಾತೆಯ ಶಿಲ್ಕನ್ನು ನೋಡಿ, ಹಣ ಹೋಗಿದ್ದರೆ ವ್ಯವಹಾರದ 12 ಅಂಕಿಯ ಯುಟಿಆರ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಂತೆ, ವ್ಯಕ್ತಿಗೆ ಕಳುಹಿಸಿದ ಹಣ ಸೇರದಿದ್ದರೆ ವ್ಯವಹಾರದ ಮರುದಿನದೊಳಗೆ, ವ್ಯಾಪಾರಿಗೆ ಕೊಟ್ಟದ್ದು ಖಚಿತವಾಗದಿದ್ದರೆ ಐದು ದಿನಗಳೊಳಗೆ, ಅದು ತಾನಾಗಿಯೇ ಮರಳಬೇಕು. ಮೀರಿದ ದಿನವೊಂದಕ್ಕೆ 100 ರೂಪಾಯಿಯಂತೆ ಪರಿಹಾರವನ್ನು ಗ್ರಾಹಕನು ಕೇಳುವ ಮೊದಲೇ ಕೊಡಬೇಕೆಂದು ಅದರಲ್ಲಿ ವಿಧಿಸಲಾಗಿದೆ.