ನಡುರಾತ್ರಿ ಎಬ್ಬಿಸುವ ಮುನ್ನ

ಟಿಕೆಟ್ ಬುಕಿಂಗ್ ಆ್ಯಪ್ ಒಂದರ ಸಿಪಿಯು ಬಳಕೆ ಶೇ. 80 ದಾಟಿತೆಂದು ನಡುರಾತ್ರಿ ಎಂಜಿನಿಯರ್ ಫೋನ್ ಬಡಿದುಕೊಳ್ಳುತ್ತದೆ. ಎದ್ದು ನೋಡಿದರೆ ಟಿಕೆಟ್‌ಗಳು ಸರಾಗವಾಗಿ ಬುಕ್ ಆಗುತ್ತಿವೆ. ಇಂಥ ಕರೆಗಳು ಹೆಚ್ಚಿದರೆ ನಿಜವಾದ ತೊಂದರೆಯ ಕರೆಯನ್ನೂ ಅವರು ನಿದ್ದೆಗಣ್ಣಲ್ಲೇ ಬಂದ್ ಮಾಡುತ್ತಾರೆ.

ಹಾಗಾಗಿ ಮೊದಲು ಗ್ರಾಹಕರ ಕಡೆಯಿಂದ ಗುರಿ ನಿಗದಿಯಾಗಬೇಕು: 30 ದಿನಗಳಲ್ಲಿ ಬಂದ ಬುಕಿಂಗ್ ಕೋರಿಕೆಗಳಲ್ಲಿ ಶೇ. 99.9 ಯಶಸ್ವಿಯಾಗಬೇಕು. ಇದೇ ಎಸ್‌ಎಲ್‌ಒ. ಕೋರಿಕೆಗಳು 10 ಲಕ್ಷವಿದ್ದರೆ 1,000 ಕೈಕೊಡಬಹುದು; ಅಷ್ಟು ನಮ್ಮ ಎರರ್ ಬಜೆಟ್. ಅಲರ್ಟ್ ಗಮನಿಸಬೇಕಾದದ್ದು ಈ ಬಜೆಟ್ ಕರಗುವ ವೇಗವನ್ನು.

ಗೂಗಲ್‌ನ ಎಂಜಿನಿಯರುಗಳು ಸೂಚಿಸಿದ ಮಿತಿ 14.4 ಪಟ್ಟು. ಅಂದರೆ ವೈಫಲ್ಯ ಶೇ. 1.44 ಮುಟ್ಟಿದಾಗ. ಆ ವೇಗದಲ್ಲಿ ತಿಂಗಳ ಬಜೆಟ್ ಸುಮಾರು ಎರಡೇ ದಿನಕ್ಕೆ ಖಾಲಿ, ಆಗ ಎಬ್ಬಿಸಲೇಬೇಕು. ಕಳೆದ ಒಂದು ಗಂಟೆ, ಕಳೆದ 5 ನಿಮಿಷ ಎರಡರಲ್ಲೂ ಮಿತಿ ಮೀರಿದ್ದರೆ ಮಾತ್ರ ಫೋನ್ ಹೊಡೆದುಕೊಳ್ಳುತ್ತದೆ. ತೊಂದರೆ ನೀಗಿದ ಕೂಡಲೇ 5 ನಿಮಿಷದ ಲೆಕ್ಕ ಇಳಿದು ಅಲರ್ಟ್ ತಾನಾಗಿ ನಿಲ್ಲುತ್ತದೆ. ನಿಧಾನವಾಗಿ ಸೋರುವ ಬಜೆಟ್ಟಿಗೆ ಬೆಳಿಗ್ಗೆ ನೋಡುವ ಟಿಕೆಟ್ ಸಾಕು.

ಒಂದು ಎಚ್ಚರಿಕೆ: ನಸುಕಿನ 3ಕ್ಕೆ ಗಂಟೆಗೆ 50 ಕೋರಿಕೆಗಳಷ್ಟೇ ಬಂದರೆ, ಒಂದು ವಿಫಲವಾದರೂ ಶೇ. 2 ಆಗಿಬಿಡುತ್ತದೆ. ಕನಿಷ್ಠ ಇಷ್ಟು ವೈಫಲ್ಯಗಳು ಆಗಿರಬೇಕೆಂಬ ಷರತ್ತನ್ನೂ ಸೇರಿಸಿಡಬೇಕು.