ಹಳದಿ ಪಟ್ಟಿಯ ಕಡೆಗೆ ಬೆಲೆ ಓಡುವುದೇಕೆ?

2025ರ ಮೇ ತಿಂಗಳ ಕೊನೆಯ ವಾರ ಕ್ರಿಪ್ಟೊ ಮಾರುಕಟ್ಟೆಯ ಗಮನವೆಲ್ಲ ಒಬ್ಬನೇ ವ್ಯಾಪಾರಿಯ ಮೇಲಿತ್ತು. ಜೇಮ್ಸ್ ವಿನ್ ಎಂಬ ಹೆಸರಿನಿಂದ ಪರಿಚಿತನಾಗಿದ್ದ ಆತ ಹೈಪರ್‌ಲಿಕ್ವಿಡ್ ಎಂಬ ವೇದಿಕೆಯಲ್ಲಿ, ಬಿಟ್‌ಕಾಯಿನ್ ಏರುತ್ತದೆ ಎಂಬ ನಂಬಿಕೆಯ ಮೇಲೆ, ಕೈಯಲ್ಲಿದ್ದ ಹಣದ 40 ಪಟ್ಟು ಲೆವರೇಜ್ ತೆಗೆದುಕೊಂಡು ಕುಳಿತಿದ್ದ. ಒಂದು ಹಂತದಲ್ಲಿ ಅವನ ಪೊಸಿಷನ್ 120 ಕೋಟಿ ಡಾಲರ್ ದಾಟಿತ್ತು. ಹೈಪರ್‌ಲಿಕ್ವಿಡ್‌ನ ಲೆಕ್ಕಪುಸ್ತಕ ಯಾರು ಬೇಕಾದರೂ ತೆರೆದು ನೋಡುವಂಥದ್ದು. ಹೀಗಾಗಿ ಅವನು ಎಷ್ಟು ಕೊಂಡಿದ್ದಾನೆ, ಬೆಲೆ ಎಲ್ಲಿಗೆ ಇಳಿದರೆ ಅವನ ಪೊಸಿಷನ್ ಬಲವಂತವಾಗಿ ಮಾರಿಹೋಗುತ್ತದೆ ಎಂಬುದು ಜಗತ್ತಿಗೆಲ್ಲ ಗೊತ್ತಿತ್ತು.

ಮೇ 22ರಂದು 1,11,000 ಡಾಲರ್ ದಾಟಿ ದಾಖಲೆ ಬರೆದಿದ್ದ ಬಿಟ್‌ಕಾಯಿನ್, ಅಮೆರಿಕದ ಸುಂಕದ ಸುದ್ದಿಗಳ ನಡುವೆ ಜಾರತೊಡಗಿತು. ವಿನ್ ದೊಡ್ಡ ಪೊಸಿಷನ್ನನ್ನು ನಷ್ಟದಲ್ಲಿ ಮುಚ್ಚಿ, ಮತ್ತೆ ಹೊಸದಾಗಿ ಕೊಂಡ. ತಿಂಗಳ ಕೊನೆಗೆ ಬೆಲೆ 1,05,000ದ ಕೆಳಗೆ ಇಳಿದಾಗ ಅವನ ಸುಮಾರು 949 ಬಿಟ್‌ಕಾಯಿನ್‌ಗಳನ್ನು, ಅಂದರೆ ಹತ್ತಿರಹತ್ತಿರ 10 ಕೋಟಿ ಡಾಲರ್ ಮೌಲ್ಯದ ಪೊಸಿಷನ್ನನ್ನು, ವೇದಿಕೆಯೇ ಕಂತುಕಂತಾಗಿ ಮಾರಿಹಾಕಿತು. ತನ್ನನ್ನು ಗುರಿಯಿಟ್ಟು ಹೊಡೆದರು ಎಂದು ಅವನು ದೂರಿದ. ಮರುದಿನಗಳಲ್ಲೇ ಬೈನಾನ್ಸ್ ಸ್ಥಾಪಕ ಚಾಂಗ್‌ಪೆಂಗ್ ಝಾವೊ, ಪೊಸಿಷನ್‌ಗಳು ಹೊರಗೆ ಕಾಣದಂಥ ವಹಿವಾಟು ವೇದಿಕೆ ಬೇಕು ಎಂಬ ಸಲಹೆಯನ್ನು ಮುಂದಿಟ್ಟರು.

ಅವನನ್ನು ನಿಜವಾಗಿಯೂ ಬೇಟೆಯಾಡಿದರೇ? ಆ ವಾರ ಇಡೀ ಮಾರುಕಟ್ಟೆಯೇ ಇಳಿಯುತ್ತಿತ್ತು. ಹಾಗಾಗಿ ಆ ಒಂದು ಘಟನೆಯನ್ನು ಮಾತ್ರ ನೋಡಿ ತೀರ್ಪು ಕೊಡಲಾಗದು. ಆದರೆ ಅವನ ದೂರಿನ ಹಿಂದಿರುವ ಪ್ರಶ್ನೆ ದೊಡ್ಡದು. ಹೆಚ್ಚು ಜನ ಸಿಕ್ಕಿಬೀಳುವ ಬೆಲೆಯನ್ನೇ ಮಾರುಕಟ್ಟೆ ಮುಟ್ಟಿ ಬರುವುದು ಏಕೆ? ಅಂಥ ಬೆಲೆಗಳನ್ನು ಬಣ್ಣದಲ್ಲಿ ತೋರಿಸುವ ಚಿತ್ರಕ್ಕೆ ಲಿಕ್ವಿಡೇಷನ್ ಹೀಟ್‌ಮ್ಯಾಪ್ ಎಂದು ಹೆಸರು. ಕಾಯಿನ್‌ಗ್ಲಾಸ್‌ನಂಥ ತಾಣಗಳಲ್ಲಿ ಕಡುನೇರಳೆ ಹಿನ್ನೆಲೆಯ ಮೇಲೆ ಅಲ್ಲಲ್ಲಿ ಹಳದಿ ಪಟ್ಟಿಗಳು ಹೊಳೆಯುತ್ತಿರುತ್ತವೆ. ಪಟ್ಟಿ ಹೊಳೆದಷ್ಟೂ ಆ ಬೆಲೆಯಲ್ಲಿ ಬಲವಂತದ ಮಾರಾಟವೋ ಖರೀದಿಯೋ ಹೆಚ್ಚು ಕೂಡಿದೆ ಎಂದು ಅರ್ಥ.

ಪಟ್ಟಿ ಹುಟ್ಟುವ ಬಗೆಯನ್ನು ಒಂದು ಲೆಕ್ಕದಿಂದ ನೋಡಬಹುದು. ಬಿಟ್‌ಕಾಯಿನ್ 1,00,000 ಡಾಲರಿನಲ್ಲಿದ್ದಾಗ ಒಬ್ಬಾತ 50 ಪಟ್ಟು ಲೆವರೇಜ್‌ನಲ್ಲಿ ಒಂದು ಬಿಟ್‌ಕಾಯಿನ್‌ನಷ್ಟು ಫ್ಯೂಚರ್ಸ್ ಕೊಂಡ ಎಂದುಕೊಳ್ಳೋಣ. ಅವನು ಕಟ್ಟಿದ ಮಾರ್ಜಿನ್ 2,000 ಡಾಲರ್. ಬೆಲೆ 98,000ಕ್ಕೆ ಇಳಿದರೆ ಆ ಹಣವೆಲ್ಲ ಹೋಯಿತು. ಎಕ್ಸ್‌ಚೇಂಜ್ ಅಲ್ಲಿಯವರೆಗೆ ಕಾಯುವುದಿಲ್ಲ. ಪೊಸಿಷನ್ನಿನ ಶೇ 0.5ರಷ್ಟು, ಅಂದರೆ 500 ಡಾಲರ್, ಖಾತೆಯಲ್ಲಿ ಉಳಿದಿರಲೇಬೇಕು ಎಂಬ ನಿಯಮವಿದ್ದರೆ, ಬೆಲೆ 98,500 ಮುಟ್ಟಿದ ಕೂಡಲೇ ಪೊಸಿಷನ್ನನ್ನು ತನ್ನ ವಶಕ್ಕೆ ತೆಗೆದುಕೊಂಡು ಮಾರುತ್ತದೆ. ಇದೇ ಲೆಕ್ಕದಲ್ಲಿ 100 ಪಟ್ಟಿನವನು 99,500ರಲ್ಲಿ, 25 ಪಟ್ಟಿನವನು 96,500ರಲ್ಲಿ, 10 ಪಟ್ಟಿನವನು 90,500ರಲ್ಲಿ ಹೊರಬೀಳುತ್ತಾನೆ. ಇಳಿಯುತ್ತದೆ ಎಂದು ಶಾರ್ಟ್ ಮಾಡಿದವರ ಮಿತಿಗಳು ಇಷ್ಟೇ ದೂರದಲ್ಲಿ ಮೇಲುಗಡೆ ಇರುತ್ತವೆ.

ಹೀಟ್‌ಮ್ಯಾಪ್ ಮಾಡುವುದು ಇದೇ ಲೆಕ್ಕವನ್ನು, ಆದರೆ ಸಾವಿರಾರು ಜನರಿಗೆ ಸೇರಿಸಿ. ಒಂದು ಬೆಲೆಯ ಸುತ್ತ ಓಪನ್ ಇಂಟರೆಸ್ಟ್, ಅಂದರೆ ಇನ್ನೂ ಮುಚ್ಚದ ಕಾಂಟ್ರ್ಯಾಕ್ಟ್‌ಗಳ ಒಟ್ಟು ಮೊತ್ತ, ಏರಿದರೆ ಅಲ್ಲಿ ಹೊಸಬರು ಪೊಸಿಷನ್ ತೆಗೆದುಕೊಂಡಿದ್ದಾರೆ ಎಂದು ಅದು ತಿಳಿಯುತ್ತದೆ. ಇಂತಿಷ್ಟು ಪಾಲು ಜನ 10 ಪಟ್ಟು, ಇಂತಿಷ್ಟು ಪಾಲು 25, 50, 100 ಪಟ್ಟು ತೆಗೆದುಕೊಂಡಿರಬಹುದು ಎಂದು ಊಹಿಸಿ, ಅವರು ಹೊರಬೀಳುವ ಬೆಲೆಗಳಲ್ಲಿ ಗೆರೆ ಎಳೆಯುತ್ತದೆ. ಗೆರೆಗಳು ಒಂದರ ಮೇಲೊಂದು ಬಿದ್ದ ಕಡೆ ಹಳದಿ ಹೊಳೆಯುತ್ತದೆ. ಬೆಲೆ ಅಲ್ಲಿಗೆ ಬಂದು ಹೋದರೆ ಪಟ್ಟಿ ಅಲ್ಲಿಗೇ ಮುಗಿಯುತ್ತದೆ.

ಈ ಲೆಕ್ಕದ ನಡುವೆ ಕುಳಿತಿರುವ ‘ಊಹೆ’ಯನ್ನು ಹೆಚ್ಚಿನ ಓದುಗರು ಗಮನಿಸುವುದಿಲ್ಲ. ಬೈನಾನ್ಸ್‌ನಂಥ ಎಕ್ಸ್‌ಚೇಂಜ್‌ಗಳು ಯಾವ ಗ್ರಾಹಕ ಎಷ್ಟು ಲೆವರೇಜ್ ತೆಗೆದುಕೊಂಡಿದ್ದಾನೆ ಎಂದು ಹೊರಗೆ ಹೇಳುವುದಿಲ್ಲ. ಗ್ರಾಹಕ ನಡುವೆ ಇನ್ನಷ್ಟು ಮಾರ್ಜಿನ್ ತುಂಬಿದರೆ ಅವನ ಮಿತಿ ಕೆಳಗೆ ಸರಿಯುತ್ತದೆ. ಚಿತ್ರದ ಗೆರೆ ಮಾತ್ರ ಹಳೆಯ ಜಾಗದಲ್ಲೇ ಉಳಿಯುತ್ತದೆ. ಆತ ಸದ್ದಿಲ್ಲದೆ ಪೊಸಿಷನ್ ಮುಚ್ಚಿ ಹೋಗಿದ್ದರೂ ಹೊರಟವನು ಇವನೇ ಎಂದು ಚಿತ್ರಕ್ಕೆ ತಿಳಿಯುವುದಿಲ್ಲ. ವಿನ್‌ನ ಮಿತಿ ಎಲ್ಲರೂ ಓದಬಹುದಾದ ಸತ್ಯವಾಗಿತ್ತು. ಉಳಿದ ಕಡೆಯ ಹೊಳಪು ಅಂದಾಜು.

ಇನ್ನು ಬೆಲೆ ಅಲ್ಲಿಗೇಕೆ ಹೋಗುತ್ತದೆ ಎಂಬ ಮಾತು. ಲಿಕ್ವಿಡೇಷನ್ ಆಗಲಿ, ವ್ಯಾಪಾರಿ ತಾನೇ ಇಟ್ಟ ಸ್ಟಾಪ್ ಲಾಸ್ ಆಗಲಿ, ಜಾರಿಯಾದಾಗ ಸಾಮಾನ್ಯವಾಗಿ ‘ಸಿಕ್ಕ ಬೆಲೆಗೆ ಮಾರು’ ಎಂಬ ಆದೇಶವಾಗುತ್ತದೆ. ಅದಕ್ಕೆ ಬೆಲೆಯ ಹಟವಿಲ್ಲ. 500 ಬಿಟ್‌ಕಾಯಿನ್ ಕೊಳ್ಳಬೇಕಾದ ದೊಡ್ಡ ಸಂಸ್ಥೆಯೊಂದಕ್ಕೆ ಇದು ದೊಡ್ಡ ಅನುಕೂಲ. ಅಷ್ಟನ್ನು ಒಮ್ಮೆಲೇ ಕೊಳ್ಳಹೊರಟರೆ ಎದುರಿಗಿರುವ ಮಾರಾಟದ ಆರ್ಡರ್‌ಗಳು ಮುಗಿದು, ಅದರ ಖರೀದಿಯೇ ಬೆಲೆಯನ್ನು ಮೇಲೆ ತಳ್ಳುತ್ತದೆ. ಅದೇ 98,500ರ ಸುತ್ತ ನೂರಾರು ಬಲವಂತದ ಮಾರಾಟಗಳು ಒಟ್ಟಿಗೆ ಹೊರಬರುವುದಾದರೆ, ಸ್ವಲ್ಪ ಕೆಳಗೆ ಖರೀದಿ ಆರ್ಡರ್ ಇಟ್ಟು ಕಾದರೆ ಸಾಕು. ಮೊದಲೇ ಶಾರ್ಟ್ ಮಾಡಿದವರೂ ಲಾಭ ಮುಚ್ಚಿಕೊಳ್ಳಲು ಅಲ್ಲೇ ಖರೀದಿಗೆ ನಿಲ್ಲುತ್ತಾರೆ. ಅಲ್ಲಿಗಿಂತ ಮೇಲೆ ಖರೀದಿದಾರರು ತೆಳುವಾಗುತ್ತಾರೆ, ತೆಳುವಾದ ಕಡೆ ಬೆಲೆ ಬೇಗ ಇಳಿಯುತ್ತದೆ. ಮಾರಾಟಗಳೆಲ್ಲ ಕರಗಿದ ಮೇಲೆ ಒತ್ತಡ ನಿಲ್ಲುತ್ತದೆ, ಬೆಲೆ ಮೇಲೇಳುತ್ತದೆ. ಚಾರ್ಟ್‌ನಲ್ಲಿ ಉದ್ದನೆಯ ಬಾಲವೊಂದು ಉಳಿಯುತ್ತದೆ.

ಯಾರೋ ಬೇಕೆಂದೇ ಬೆಲೆಯನ್ನು ಅಲ್ಲಿಗೆ ತಳ್ಳುವುದೂ ಸಾಧ್ಯ. ಆದರೆ ತಳ್ಳಲು ಹಣ ಬೇಕು. ಕೆಳಗಿರುವ ಗುಂಪು ಅಂದಾಜಿಗಿಂತ ಚಿಕ್ಕದಾಗಿದ್ದರೆ, ತಳ್ಳಲು ಮಾರಿದ್ದನ್ನೆಲ್ಲ ಅವನೇ ಹೆಚ್ಚಿನ ಬೆಲೆಗೆ ಮರಳಿ ಕೊಳ್ಳಬೇಕಾಗುತ್ತದೆ. ಹೆಚ್ಚಿನ ಬಾರಿ ಬೇಟೆಗಾರನಿಲ್ಲದೆಯೇ ಇದು ನಡೆಯುತ್ತದೆ ಎಂಬುದಕ್ಕೆ ಕ್ರಿಪ್ಟೊಗಿಂತ ಹಳೆಯ ಸಾಕ್ಷಿಯಿದೆ. ನ್ಯೂಯಾರ್ಕ್ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿದ್ದ ಅರ್ಥಶಾಸ್ತ್ರಜ್ಞೆ ಕ್ಯಾರೊಲ್ ಆಸ್ಲರ್, ದೊಡ್ಡ ಬ್ಯಾಂಕೊಂದರ ವಿದೇಶಿ ವಿನಿಮಯ ವಿಭಾಗಕ್ಕೆ 1999-2000ರಲ್ಲಿ ಬಂದ ಸಾವಿರಾರು ಆರ್ಡರ್‌ಗಳನ್ನು ಅಭ್ಯಾಸ ಮಾಡಿದರು. ಲಾಭ ಕಾಯ್ದಿರಿಸುವ ಆರ್ಡರ್‌ಗಳು ಸರಿಯಾಗಿ ದುಂಡು ಸಂಖ್ಯೆಗಳ ಮೇಲೆ ಗುಂಪಾಗುತ್ತವೆ, ಸ್ಟಾಪ್ ಲಾಸ್‌ಗಳು ಆ ಸಂಖ್ಯೆ ದಾಟಿದ ಕೂಡಲೇ ಆಚೆ ಬದಿಯಲ್ಲಿ ಗುಂಪಾಗುತ್ತವೆ ಎಂದು ಅವರು ಕಂಡುಕೊಂಡರು. ಹಾಗಾಗಿ ದುಂಡು ಸಂಖ್ಯೆಗೆ ಬಂದ ಬೆಲೆ ಅಲ್ಲಿಂದಲೇ ತಿರುಗುತ್ತದೆ. ಇಲ್ಲವೇ ದಾಟಿ ಹೋದರೆ ವೇಗ ಹಿಡಿಯುತ್ತದೆ. ಒಂದು ಸ್ಟಾಪ್ ಲಾಸ್ ಬೆಲೆಯನ್ನು ತುಸು ಇಳಿಸಿ ಮುಂದಿನದನ್ನು ಜಾರಿ ಮಾಡುತ್ತದೆ, ಅದು ಅದರ ಮುಂದಿನದನ್ನು.

ಈ ಸರಪಳಿ ಎಷ್ಟು ದೂರ ಹೋಗಬಲ್ಲದು ಎಂದು 2025ರ ಅಕ್ಟೋಬರ್ 10 ತೋರಿಸಿತು. ಚೀನಾದ ಸರಕಿನ ಮೇಲೆ ಹೆಚ್ಚುವರಿ ಶೇ 100 ಸುಂಕ ಹಾಕುವುದಾಗಿ ಟ್ರಂಪ್ ಪ್ರಕಟಿಸಿದರು. ಭಾರತದಲ್ಲಿ ಆಗ ಶನಿವಾರದ ನಸುಕು. ಅಂದು 1,22,000 ಡಾಲರಿನ ಆಸುಪಾಸಿನಲ್ಲಿದ್ದ ಬಿಟ್‌ಕಾಯಿನ್ 1,05,000ದ ಹತ್ತಿರಕ್ಕೆ ಬಿತ್ತು, ಕೆಲವು ಎಕ್ಸ್‌ಚೇಂಜ್‌ಗಳಲ್ಲಿ ಅದಕ್ಕೂ ಕೆಳಗೆ. ಒಂದು ದಿನದಲ್ಲಿ 1,900 ಕೋಟಿ ಡಾಲರಿಗೂ ಹೆಚ್ಚು ಮೌಲ್ಯದ ಪೊಸಿಷನ್‌ಗಳು ಬಲವಂತವಾಗಿ ಮುಚ್ಚಿಹೋದವು ಎಂದು ಕಾಯಿನ್‌ಗ್ಲಾಸ್ ಲೆಕ್ಕ ಕೊಟ್ಟಿತು. ಮಾರಾಟ ತೆಗೆದುಕೊಳ್ಳುವವರೇ ಸಿಗದೆ, ಹಲವು ವೇದಿಕೆಗಳು ಲಾಭದಲ್ಲಿದ್ದ ಶಾರ್ಟ್‌ಗಳನ್ನೂ ಒತ್ತಾಯದಿಂದ ಮುಚ್ಚಿ ಲೆಕ್ಕ ಸರಿದೂಗಿಸಿದವು.

ಆ ರಾತ್ರಿ ಹೀಟ್‌ಮ್ಯಾಪ್‌ನ ಮಿತಿಯೂ ಬಯಲಾಯಿತು. ಒಂದು ಡಾಲರಿನ ಮೌಲ್ಯ ಉಳಿಸಿಕೊಳ್ಳಬೇಕಾದ ಯುಎಸ್‌ಡಿಇ ಎಂಬ ನಾಣ್ಯ ಬೈನಾನ್ಸ್‌ನಲ್ಲಿ ಸುಮಾರು 65 ಸೆಂಟ್‌ಗೆ ಕುಸಿಯಿತು. ಅದನ್ನೇ ಮಾರ್ಜಿನ್ ಆಗಿ ಒತ್ತೆಯಿಟ್ಟವರ ಖಾತೆಯಲ್ಲಿದ್ದ ಹಣವೇ ಕರಗಿತು, ಅವರ ಲಿಕ್ವಿಡೇಷನ್ ಬೆಲೆ ಮೇಲಕ್ಕೆ ಜಿಗಿಯಿತು. ಯಾವ ಚಿತ್ರವೂ ಗುರುತಿಸದ ಬೆಲೆಯಲ್ಲಿ ಅವರು ಹೊರಬಿದ್ದರು. ಬೈನಾನ್ಸ್ ನಂತರ ಇಂಥವರಿಗೆ ಸುಮಾರು 28 ಕೋಟಿ ಡಾಲರ್ ಪರಿಹಾರ ಕೊಟ್ಟಿತು. ಕುಸಿತ ಶುರು ಮಾಡಿದ್ದು ಸುದ್ದಿ; ಅದನ್ನು ಅಷ್ಟು ಆಳಕ್ಕೆ ಎಳೆದದ್ದು ಸಾಲದ ಮೇಲೆ ನಿಂತಿದ್ದ ಪೊಸಿಷನ್‌ಗಳ ರಾಶಿ. ಈ ಎರಡನ್ನೂ ಬೇರೆಬೇರೆಯಾಗಿ ನೋಡದೆ ‘ಹಳದಿ ಪಟ್ಟಿ ಬೆಲೆಯನ್ನು ಸೆಳೆಯಿತು’ ಎನ್ನುವವರು ಕಾರಣವನ್ನು ತಪ್ಪಾಗಿ ಓದುತ್ತಾರೆ.

ಇನ್ನೊಂದು ಎಚ್ಚರವೂ ಬೇಕು. ದಿನಕ್ಕೆ ಸುಮಾರು ಶೇ 2ರಷ್ಟು ಏರಿಳಿಯುವ ಸರಕಿನ ಬೆಲೆ ಗೊತ್ತುಗುರಿಯಿಲ್ಲದೆ ಅಲೆದಾಡಿದರೂ, ಆರಂಭದ ಬೆಲೆಗಿಂತ ಶೇ 0.5 ಕೆಳಗಿನ ಗೆರೆಯನ್ನು ಒಂದು ದಿನದೊಳಗೆ ಮುಟ್ಟುವ ಸಾಧ್ಯತೆ ಶೇ 80ರಷ್ಟಿದೆ. ಶೇ 1.5 ಕೆಳಗಿನ ಗೆರೆಗೂ ಅದು ಶೇ 45ರಷ್ಟು. ನಮ್ಮ ಲೆಕ್ಕದ 100 ಪಟ್ಟಿನವನೂ 50 ಪಟ್ಟಿನವನೂ ನಿಂತಿದ್ದದ್ದು ಈ ಗೆರೆಗಳ ಮೇಲೆಯೇ. ಅವರನ್ನು ಹೊರಹಾಕಲು ಯಾರ ಸಂಚೂ ಬೇಕಿಲ್ಲ, ಮಾಮೂಲಿ ದಿನದ ಅಲುಗಾಟ ಸಾಕು. ಪಟ್ಟಿಗಳನ್ನು ಬೆಲೆ ಎಷ್ಟು ಸಲ ಮುಟ್ಟಿತು ಎಂದು ಎಣಿಸುವುದರಿಂದ ಏನೂ ತಿಳಿಯದು. ಅಷ್ಟೇ ದೂರದಲ್ಲಿರುವ, ಬಣ್ಣವಿಲ್ಲದ ಬೆಲೆಗಳನ್ನು ಎಷ್ಟು ಸಲ ಮುಟ್ಟಿತು ಎಂಬುದರ ಜೊತೆ ಹೋಲಿಸಿದಾಗ ಮಾತ್ರ ಪಟ್ಟಿಗೆ ಸೆಳೆತವಿದೆಯೇ ಎಂದು ಹೇಳಬಹುದು.

ಬೆಲೆ ಪಟ್ಟಿಯನ್ನು ಹಾದುಹೋದ ಮೇಲೆ ಅಲ್ಲಿ ನಿಜಕ್ಕೂ ಜನರಿದ್ದರೇ ಎಂದು ತಿಳಿಯಲು ಓಪನ್ ಇಂಟರೆಸ್ಟ್ ನೋಡಬೇಕು. ಬೆಲೆ ಬಿದ್ದ ಕೆಲವೇ ನಿಮಿಷಗಳಲ್ಲಿ ಅದೂ ಕಡಿದಾಗಿ ಇಳಿದಿದ್ದರೆ ಹಳೆಯ ಪೊಸಿಷನ್‌ಗಳು ಮುಚ್ಚಿವೆ, ಬಹುಪಾಲು ಬಲವಂತವಾಗಿ. ಬೆಲೆ ಬಿದ್ದೂ ಅದು ಏರಿದ್ದರೆ ಹೊಸಬರು ಶಾರ್ಟ್ ಮಾಡುತ್ತ ಒಳಬರುತ್ತಿದ್ದಾರೆ, ಇಳಿತ ಅಲ್ಲಿಗೇ ನಿಲ್ಲಬೇಕೆಂದಿಲ್ಲ. ಲಿಕ್ವಿಡೇಷನ್‌ಗಳ ನೇರ ಪಟ್ಟಿಯನ್ನು ಮಾತ್ರ ನಂಬಿ ಈ ತೀರ್ಮಾನಕ್ಕೆ ಬರಲಾಗದು. 2021ರಿಂದ ಬೈನಾನ್ಸ್ ತನ್ನ ಸಾರ್ವಜನಿಕ ಮಾಹಿತಿಯಲ್ಲಿ ಪ್ರತಿ ಜೋಡಿಗೆ ಸೆಕೆಂಡಿಗೆ ಒಂದು ಲಿಕ್ವಿಡೇಷನ್ನನ್ನಷ್ಟೇ ಹೊರಬಿಡುತ್ತದೆ. ಶಾಂತ ದಿನಗಳಲ್ಲಿ ಇದರಿಂದ ವ್ಯತ್ಯಾಸವಾಗದು. ಅಕ್ಟೋಬರ್ 10ರಂಥ ನಿಮಿಷಗಳಲ್ಲಿ ಒಂದೇ ಸೆಕೆಂಡಿನಲ್ಲಿ ಹತ್ತಾರು ಖಾತೆಗಳು ಮುಚ್ಚಿದರೂ ಹೊರಗೆ ಕಾಣುವುದು ಅವುಗಳಲ್ಲಿ ಒಂದು.